ಹೋರಿ ಹಬ್ಬದ ವಿಡಿಯೊ, ಡಾಲರಿನ ಲೆಕ್ಕ: ದಿನದ ಗಳಿಕೆ ಏರಿಳಿಯೋದು ಯಾಕೆ?

ಹೋರಿ ಹಬ್ಬದ ವಿಡಿಯೊ ಹಾಕೋ ಚಾನೆಲ್‌ಗಳು ನಮ್ಮ ಹಾವೇರಿ ಜಿಲ್ಲೆಯಲ್ಲಿ ಎಷ್ಟಿವೆ ಅಂತ ಎಣಿಸೋಕೆ ಹೋದರೆ ಸಂಜೆ ಆಗುತ್ತೆ. ದೀಪಾವಳಿ ಪಾಡ್ಯಕ್ಕೆ ಶುರುವಾದರೆ ತಿಂಗಳುಗಟ್ಟಲೆ ಒಂದಲ್ಲ ಒಂದು ಊರಲ್ಲಿ ಹೋರಿ ಓಡುತ್ತಲೇ ಇರುತ್ತೆ. ಕೊಬ್ಬರಿ ಕಟ್ಟಿದ ಹೋರಿ, ಅದಕ್ಕೊಂದು ಹೆಸರು, ಹೆಸರಿಗೊಂದು ಅಭಿಮಾನಿ ಬಳಗ. ಊರು ಬಿಟ್ಟು ದುಬೈಗೋ ಅಮೆರಿಕಾಗೋ ಹೋದವರು ಕೂಡ ರಾತ್ರಿ ಕೂತು ಇದನ್ನ ನೋಡ್ತಾರೆ. ಅವರು ನೋಡೋದರಿಂದಲೇ ಈ ಲೇಖನದ ಪ್ರಶ್ನೆ ಹುಟ್ಟಿದ್ದು.

ನಮಗೆ ಪರಿಚಯದ ನಾಲ್ವರು ಸೇರಿ ಇಂಥದ್ದೊಂದು ಯೂಟ್ಯೂಬ್ ಚಾನೆಲ್ ನಡೆಸ್ತಾರೆ. ಒಬ್ಬರು ಹಾನಗಲ್‌ನವರು, ಒಬ್ಬರು ಶಿಗ್ಗಾಂವಿ, ಒಬ್ಬರು ಸವಣೂರು, ಇನ್ನೊಬ್ಬರು ಹಿರೇಕೆರೂರು. ವಾರಕ್ಕೊಬ್ಬರ ಪಾಳಿ. ಯಾರ ವಾರ ಬರುತ್ತೋ ಅವರ ವಿಡಿಯೊ ಹೋಗುತ್ತೆ, ಆ ವಾರದ ಗಳಿಕೆ ಅವರದ್ದು. ಹಣ ತಿಂಗಳಿಗೊಮ್ಮೆ ಬ್ಯಾಂಕಿಗೆ ಬರುತ್ತೆ, ರಿಪೋರ್ಟ್‌ನಲ್ಲಿ ರೂಪಾಯಿಯಲ್ಲಿ ಎಷ್ಟು ಕಾಣುತ್ತೋ ಅದರ ಪ್ರಕಾರ ಹಂಚಿಕೊಳ್ತಾರೆ. ಕಳೆದ ಬಾರಿ ಸವಣೂರಿನ ಅಣ್ಣ ತಕರಾರು ತೆಗೆದರು. "ಮೊದಲನೇ ವಾರ ಎಷ್ಟು ಬಂದಿತ್ತೋ ನನ್ನ ವಾರನೂ ಅಷ್ಟ ಬಂದೈತಿ ಅಂತ ಡಾಲರ್ ಹೇಳತೈತಿ, ರೂಪಾಯಿಯೊಳಗ ಯಾಕ ನನಗ ಕಡಿಮಿ?" ಪ್ರಶ್ನೆ ಸರಿಯಾಗೇ ಇತ್ತು. ಉತ್ತರ ಹುಡುಕೋಕೆ ದೇಶವಾರು ರಿಪೋರ್ಟ್ ಬಿಡಿಸಿ ನೋಡಬೇಕಾಯ್ತು. ಅವರ ಖಾತೆಯ ನಿಜವಾದ ಅಂಕಿ ಇಲ್ಲಿ ಹಾಕೋದು ಬೇಡ. ಕೆಳಗಿರೋ ಗಳಿಕೆ ಎಲ್ಲ ಲೆಕ್ಕ ತಿಳಿಯಲಿ ಅಂತ ನಾವು ಇಟ್ಟುಕೊಂಡ ದುಂಡು ಅಂಕಿಗಳು. ಆದರೆ ತಿಂಗಳು ನಿಜವಾದದ್ದೇ ತಗೊಳ್ಳೋಣ: 2025ರ ಮಾರ್ಚ್. ಆ ತಿಂಗಳ ಶುರುವಿನಲ್ಲಿ ಒಂದು ಡಾಲರ್‌ಗೆ 87 ರೂಪಾಯಿಗಿಂತ ಸ್ವಲ್ಪ ಜಾಸ್ತಿ ಇತ್ತು, ಕೊನೆಗೆ 85 ರೂಪಾಯಿ ಚಿಲ್ಲರೆಗೆ ಇಳಿದಿತ್ತು. ರೂಪಾಯಿ ಒಂದೇ ತಿಂಗಳಲ್ಲಿ ಇಷ್ಟು ಬಲವಾಗೋದು ಅಪರೂಪ. ನಮ್ಮ ಪಾಠಕ್ಕೆ ಅದು ಅನುಕೂಲವೇ ಆಯ್ತು.

ರಿಪೋರ್ಟ್ ಎಲ್ಲಿದೆ, ಅದರಲ್ಲಿ ದೇಶ ಅಂದರೆ ಏನು

ಯೂಟ್ಯೂಬ್ ಸ್ಟುಡಿಯೊದಲ್ಲಿ `Analytics`ಗೆ ಹೋಗಿ `Advanced mode` ತೆರೆದು, `Geography` ಆರಿಸಿ, ಅಳತೆಯಾಗಿ `Estimated revenue` ಇಟ್ಟರೆ ದೇಶಕ್ಕೊಂದು ಸಾಲು ಬರುತ್ತೆ. ಭಾರತ ಒಂದು ಸಾಲು, ಅಮೆರಿಕ ಒಂದು ಸಾಲು, ಯುಎಇ ಒಂದು ಸಾಲು, ಹೀಗೆ. ಯಾವ ಕರೆನ್ಸಿಯಲ್ಲಿ ತೋರಿಸಬೇಕು ಅನ್ನೋದನ್ನ ಸ್ಟುಡಿಯೊದ `Settings`ನಲ್ಲಿ `General` ಒಳಗೆ ಬದಲಾಯಿಸಬಹುದು.

ಇಲ್ಲಿ ದೇಶ ಅಂದರೆ ನೋಡುಗ ಕೂತಿರೋ ಜಾಗ, ಅವನ ಹುಟ್ಟೂರಲ್ಲ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ಸೇರಿ ಬೆಂಗಳೂರು, ಮುಂಬೈ ಎಲ್ಲ ಭಾರತ ಅನ್ನೋ ಒಂದೇ ಸಾಲಿನಲ್ಲಿ ಕರಗಿ ಹೋಗ್ತವೆ. ಅದೇ ಹಿರೇಕೆರೂರಿನ ಹುಡುಗ ದುಬೈನಲ್ಲಿ ಕೂತು ನೋಡಿದರೆ ಅವನು ಯುಎಇ ಸಾಲು. ರಜಕ್ಕೆ ಊರಿಗೆ ಬಂದು ನೋಡಿದರೆ ಮತ್ತೆ ಭಾರತ. ಇನ್ನೊಂದು ವಿಷಯ, ದೇಶ ನೋಡುಗನದ್ದು, ಆದರೆ ದುಡ್ಡು ಜಾಹೀರಾತುದಾರನದ್ದು. ದುಬೈನಲ್ಲಿರೋ ಕನ್ನಡಿಗರಿಗೆ ಅಂತಲೇ ಬೆಂಗಳೂರಿನ ಬಿಲ್ಡರ್ ಜಾಹೀರಾತು ಕೊಟ್ಟರೆ ಸಾಲು ಯುಎಇ, ಕೊಡೋ ಹಣ ರೂಪಾಯಿ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮೂರು ದಿನ, ಒಂದೇ ಗಳಿಕೆ

ಮಾರ್ಚ್ ತಿಂಗಳ ಮೂರು ದಿನ ತಗೊಳ್ಳೋಣ. ಒಂದು ಶುರುವಿನದು, ಒಂದು ನಡುವಿನದು, ಒಂದು ಕೊನೆಯದು. ಮೂರೂ ದಿನ ಭಾರತದಿಂದ 6 ಡಾಲರ್, ಅಮೆರಿಕದಿಂದ 3, ಯುಎಇಯಿಂದ 1, ಒಟ್ಟು ಸರಿಯಾಗಿ 10 ಡಾಲರ್ ಅಂತಿಟ್ಟುಕೊಳ್ಳಿ. ದರ ಕ್ರಮವಾಗಿ 87.20, 86.80, 85.60. ಈಗ ರೂಪಾಯಿಯಲ್ಲಿ ನೋಡಿದರೆ:

| ಸಾಲು | ಮೊದಲ ದಿನ | ನಡುವಿನ ದಿನ | ಕೊನೆಯ ದಿನ |
|---|---|---|---|
| ಭಾರತ | 523.20 | 520.80 | 513.60 |
| ಅಮೆರಿಕ | 261.60 | 260.40 | 256.80 |
| ಯುಎಇ | 87.20 | 86.80 | 85.60 |
| ಒಟ್ಟು | 872 | 868 | 856 |

ನೋಡಿದವರು ಅಷ್ಟೇ, ಜಾಹೀರಾತು ಅಷ್ಟೇ, ಡಾಲರ್ ಅಷ್ಟೇ. ಆದರೂ ರೂಪಾಯಿ ಗ್ರಾಫ್ 16 ರೂಪಾಯಿ ಕೆಳಗೆ ಜಾರಿದೆ. ಗ್ರಾಫ್ ನೋಡಿದವನಿಗೆ ಚಾನೆಲ್ ಬಿದ್ದು ಹೋಗ್ತಿದೆ ಅನ್ಸುತ್ತೆ. ಯೂಟ್ಯೂಬ್ ಇದನ್ನೇನೂ ಮುಚ್ಚಿಟ್ಟಿಲ್ಲ. ಅದರ ಅನಲಿಟಿಕ್ಸ್ ಎಪಿಐ ದಾಖಲೆಯಲ್ಲಿ `currency` ಅನ್ನೋ ಪ್ಯಾರಾಮೀಟರ್ ಬಗ್ಗೆ ಬರೆದಿರೋ ಕಡೆ, ಈ ಗಳಿಕೆಯ ಅಂಕಿಗಳು ದಿನದಿನ ಬದಲಾಗೋ ವಿನಿಮಯ ದರದಿಂದ ಲೆಕ್ಕ ಹಾಕಿದ ಅಂದಾಜು ಅಂತ ಸ್ಪಷ್ಟವಾಗಿ ಹೇಳಿದೆ. ಏನೂ ಹೇಳದೇ ಇದ್ದರೆ ಅದು ಡಾಲರ್‌ನಲ್ಲೇ ಕೊಡುತ್ತೆ.

ಟೇಬಲ್ಲನ್ನ ಇನ್ನೊಮ್ಮೆ ನೋಡಿ. ಮೂರೂ ಸಾಲು ಒಂದೇ ಪ್ರಮಾಣದಲ್ಲಿ ಇಳಿದಿವೆ, ಹೆಚ್ಚುಕಡಿಮೆ ನೂರಕ್ಕೆ 1.8ರಷ್ಟು. ದರ ಎಲ್ಲರಿಗೂ ಒಂದೇ, ಹಾಗಾಗಿ ಅದು ಎಲ್ಲ ದೇಶಗಳ ಸಾಲನ್ನೂ ಒಟ್ಟಿಗೆ ಎತ್ತುತ್ತೆ, ಒಟ್ಟಿಗೆ ಇಳಿಸುತ್ತೆ. ಕೆರೆ ನೀರು ಇಳಿದಾಗ ಎಲ್ಲ ಮೆಟ್ಟಿಲೂ ಒಂದೇ ಸಲ ಕಾಣೋ ಹಾಗೆ. ದೇಶವಾರು ರಿಪೋರ್ಟ್‌ನಿಂದ ಕರೆನ್ಸಿಯ ಆಟ ಹಿಡಿಯೋಕೆ ಇದಕ್ಕಿಂತ ಒಳ್ಳೆ ಗುರುತು ಇಲ್ಲ.

ಈಗ ಬೇರೆ ಥರದ ಒಂದು ದಿನ. ದರ 86.80 ಇದ್ದಾಗಲೇ ಭಾರತ 6.40 ಡಾಲರ್ ತಂದಿದೆ, ಅಮೆರಿಕ 1.60ಕ್ಕೆ ಬಿದ್ದಿದೆ, ಯುಎಇ 1 ಡಾಲರೇ. ಒಟ್ಟು 9 ಡಾಲರ್, ಅಂದರೆ 781.20 ರೂಪಾಯಿ. ಭಾರತದಲ್ಲಿ ನೋಡಿದವರು ಜಾಸ್ತಿಯಾಗಿ ಒಟ್ಟು ವ್ಯೂಸ್ ಏರಿರಬಹುದು, ಆದರೆ ದುಡ್ಡು ಇಳಿದಿದೆ, ಯಾಕಂದರೆ ಸಾವಿರ ವ್ಯೂಸ್‌ಗೆ ಅಮೆರಿಕದಿಂದ ಬರೋದು ಭಾರತದಿಂದ ಬರೋದಕ್ಕಿಂತ ತುಂಬಾ ಜಾಸ್ತಿ. ಇಲ್ಲಿ ಒಂದು ಸಾಲು ಏರಿದೆ, ಒಂದು ಬಿದ್ದಿದೆ, ಒಂದು ಅಲ್ಲೇ ಇದೆ. ಇದಕ್ಕೂ ಡಾಲರ್ ದರಕ್ಕೂ ಸಂಬಂಧ ಇಲ್ಲ. ನೋಡುಗರ ಮಿಶ್ರಣ ಬದಲಾಗಿದೆ ಅಷ್ಟೇ.

ಸ್ಪಷ್ಟವಾಗಿ ಹೇಳಬೇಕು ಅಂದರೆ, ಪಕ್ಕಪಕ್ಕದ ಎರಡು ದಿನಗಳ ನಡುವೆ ರೂಪಾಯಿ ದರ ಸಾಮಾನ್ಯವಾಗಿ ಪೈಸೆಗಳಲ್ಲಿ ಆಡುತ್ತೆ. ಮಾರ್ಚ್ ಥರದ ತಿಂಗಳಲ್ಲೂ ಪೂರ್ತಿ ತಿಂಗಳಿಗೆ ಸೇರಿ ನೂರಕ್ಕೆ ಎರಡರಷ್ಟು. ಹಾಗಾಗಿ ನಿನ್ನೆ 870 ಇದ್ದದ್ದು ಇವತ್ತು 780 ಆಗಿದ್ದರೆ, "ಡಾಲರ್ ಬಿತ್ತು" ಅಂತ ಯಾರಾದರೂ ಅಂದರೆ ನಂಬಬೇಡಿ. ಕರೆನ್ಸಿ ಮಾಡೋದು ಸಣ್ಣ ನಡುಕ ಮತ್ತು ನಿಧಾನದ ಜಾರಿಕೆ. ದೊಡ್ಡ ಗುಂಡಿ ಬಿದ್ದಿದ್ದರೆ ಬೇರೆ ಕಡೆ ಹುಡುಕಬೇಕು.

ಭಾಗಿಸಿ ನೋಡೋದು

ಇದನ್ನ ಕಣ್ಣಳತೆಯಲ್ಲಿ ಬಿಡೋ ಅಗತ್ಯ ಇಲ್ಲ. ಒಂದೇ ರಿಪೋರ್ಟನ್ನ, ಅದೇ ತಾರೀಖುಗಳಿಗೆ, ಒಮ್ಮೆ ಡಾಲರ್‌ನಲ್ಲಿ, ಒಮ್ಮೆ ರೂಪಾಯಿಯಲ್ಲಿ ಡೌನ್‌ಲೋಡ್ ಮಾಡಿ. ಎರಡನ್ನೂ ಒಂದೇ ಗೂಗಲ್ ಶೀಟ್‌ನಲ್ಲಿ `USD` ಮತ್ತು `INR` ಅನ್ನೋ ಹೆಸರಿನ ಎರಡು ಹಾಳೆಯಾಗಿ ಇಡಿ. ಮೂರನೇ ಹಾಳೆಯಲ್ಲಿ ದಿನಕ್ಕೊಂದು ಭಾಗಾಕಾರ:

```
=INR!C2/USD!C2
```

ಬರೋ ಉತ್ತರವೇ ಆ ದಿನ ರಿಪೋರ್ಟ್ ಬಳಸಿರೋ ದರ. ಈ ಸಂಖ್ಯೆ ದಿನದಿನ ಬದಲಾಗಿದ್ದರೆ ರೂಪಾಯಿ ಗ್ರಾಫಿನಲ್ಲಿ ಕರೆನ್ಸಿಯ ಪಾಲಿದೆ. ಎಲ್ಲ ದಿನಕ್ಕೂ ಒಂದೇ ಇದ್ದರೆ ಕರೆನ್ಸಿ ನಿರಪರಾಧಿ, ಏರಿಳಿತ ಪೂರ್ತಿ ಡಾಲರ್ ಗಳಿಕೆಯದ್ದೇ. ಕೋಡ್ ಬರೆಯೋ ಅಭ್ಯಾಸ ಇರೋರು ಎಪಿಐಗೆ ಇದೇ ಪ್ರಶ್ನೆಯನ್ನ ಎರಡು ಸಲ ಕೇಳಬಹುದು, ಎರಡನೇ ಸಲ ಕೊನೆಯ ಸಾಲನ್ನ `currency=USD` ಮಾಡಿ:

```
ids=channel==MINE
startDate=2025-03-01
endDate=2025-03-31
dimensions=day
metrics=estimatedRevenue
filters=country==US
currency=INR
```

ಒಂದು ಎಚ್ಚರಿಕೆ. ಸಣ್ಣ ದೇಶಗಳ ಸಾಲಿನಲ್ಲಿ ಈ ಭಾಗಾಕಾರ ಮಾಡಬೇಡಿ. ದಿನಕ್ಕೆ 0.01 ಅಥವಾ 0.02 ಡಾಲರ್ ಬರೋ ಸಾಲನ್ನ ಎರಡು ದಶಮಾಂಶಕ್ಕೆ ಇಳಿಸಿದ್ದರೆ, ನಿಜವಾಗಿ 0.014 ಇದ್ದದ್ದೂ 0.01, 0.006 ಇದ್ದದ್ದೂ 0.01. ಅದನ್ನ ರೂಪಾಯಿಗೆ ತಂದರೆ ಒಂದು ಸೆಂಟ್ ಅಂದರೆ ಸುಮಾರು 86 ಪೈಸೆಯ ಮೆಟ್ಟಿಲು. 86 ಪೈಸೆ, ಸೊನ್ನೆ, ಒಂದು ರೂಪಾಯಿ 72 ಪೈಸೆ, ಮತ್ತೆ 86 ಪೈಸೆ ಅಂತ ಕುಣಿಯುತ್ತೆ. ಅದು ಗಳಿಕೆಯ ಏರಿಳಿತವೂ ಅಲ್ಲ, ದರದ್ದೂ ಅಲ್ಲ, ಬರೀ ದುಂಡು ಮಾಡಿದ್ದರ ಫಲ. ಲ್ಯಾಬ್‌ನಲ್ಲಿ ಲೀಸ್ಟ್ ಕೌಂಟ್ ಅಂತ ಬರೀತೀವಲ್ಲ, ಅದೇ ಇದು. ಭಾರತದ ಸಾಲು ಅಥವಾ ಒಟ್ಟು ಸಾಲಿನ ಮೇಲೆ ಭಾಗಿಸಿದರೆ ಈ ತೊಂದರೆ ಇರಲ್ಲ.

ಡಾಲರ್‌ನಲ್ಲಿ ನೋಡಿದರೆ ಎಲ್ಲ ಸರಿಹೋಗುತ್ತಾ?

ಪೂರ್ತಿ ಸರಿಹೋಗಲ್ಲ. ಹುಬ್ಬಳ್ಳಿಯ ಅಂಗಡಿಯವರು ಗೂಗಲ್‌ನಲ್ಲಿ ಜಾಹೀರಾತು ಕೊಡೋದು ರೂಪಾಯಿಯಲ್ಲಿ. ಅವರ ಜಾಹೀರಾತಿನಿಂದ ಚಾನೆಲ್ ಪಾಲಿಗೆ ದಿನಾ 520.80 ರೂಪಾಯಿ ಸರಿಯಾಗಿ ಬರ್ತಾ ಇದೆ ಅಂತಿಟ್ಟುಕೊಳ್ಳಿ. ಅದನ್ನ ಡಾಲರ್ ಮಾಡಿದಾಗ 87.20ರ ದಿನ 5.97, 86.80ರ ದಿನ 6.00, 85.60ರ ದಿನ 6.08. ಈಗ ಡಾಲರ್ ಗ್ರಾಫ್‌ನಲ್ಲಿ ಭಾರತದ ಸಾಲು ಏರ್ತಾ ಇದೆ, ಅಮೆರಿಕದ್ದು ಅಲ್ಲೇ ಇದೆ. ಅಂದರೆ ಯಾವ ಕರೆನ್ಸಿಯಲ್ಲಿ ನೋಡ್ತೀವೋ ಅದು ನೆಲ, ಉಳಿದದ್ದು ಅದರ ಮೇಲೆ ಅಲ್ಲಾಡುತ್ತೆ. ರೂಪಾಯಿಯಲ್ಲಿ ಹುಟ್ಟಿದ ದುಡ್ಡು ಡಾಲರಾಗಿ, ಮತ್ತೆ ರೂಪಾಯಿಯಾಗಿ ಪರದೆ ಮೇಲೆ ಬರುತ್ತೆ. ಹೋಗೋವಾಗಿನ ದರ ಒಂದು ದಿನದ್ದು, ಬರೋವಾಗಿನ ದರ ಇನ್ನೊಂದು ದಿನದ್ದಾದರೆ ಮೊದಲಿದ್ದ 520.80 ಹಾಗೇ ವಾಪಸ್ ಬರಲ್ಲ.

ಯುಎಇ ಸಾಲು ಇಲ್ಲಿ ಒಳ್ಳೇ ಹೋಲಿಕೆ. ಅಲ್ಲಿನ ದಿರ್ಹಮ್ 1997ರಿಂದ ಡಾಲರಿಗೆ ಕಟ್ಟಿಹಾಕಿದ ಕರೆನ್ಸಿ, ಒಂದು ಡಾಲರ್‌ಗೆ 3.6725 ದಿರ್ಹಮ್. ಸೌದಿಯ ರಿಯಾಲ್ ಕೂಡ ಹಾಗೆಯೇ, 3.75. ಹಾಗಾಗಿ ದಿರ್ಹಮ್‌ನಲ್ಲಿ ಬಂದ ಜಾಹೀರಾತು ಡಾಲರ್ ಗ್ರಾಫ್‌ನಲ್ಲಿ ಕರೆನ್ಸಿಯ ಕಾರಣಕ್ಕೆ ಅಲ್ಲಾಡಲ್ಲ. ರೂಪಾಯಿ ಗ್ರಾಫ್‌ನಲ್ಲಿ ಅಮೆರಿಕದ ಜೊತೆ ಕೈ ಹಿಡ್ಕೊಂಡು ಏರುತ್ತೆ, ಇಳಿಯುತ್ತೆ. ಆದರೆ ಮೊದಲೇ ಹೇಳಿದ ಬೆಂಗಳೂರಿನ ಬಿಲ್ಡರ್‌ನ ಜಾಹೀರಾತು ಇದೇ ಸಾಲಿನಲ್ಲಿ ಸೇರಿಕೊಂಡಿದ್ದರೆ ಈ ಹೋಲಿಕೆ ಅಷ್ಟರಮಟ್ಟಿಗೆ ಮಸುಕಾಗುತ್ತೆ. ಯಾವ ಜಾಹೀರಾತು ಯಾವ ಕರೆನ್ಸಿಯಲ್ಲಿ ಬಂತು ಅಂತ ಚಾನೆಲ್‌ನವರಿಗೆ ರಿಪೋರ್ಟ್ ಹೇಳಲ್ಲ.

ಒಂದು ಗಂಟೆ ಕಡಿಮೆ ಇರೋ ದಿನ

ಕರೆನ್ಸಿ ಮೇಲೆ ಸುಮ್ಮನೆ ಗೂಬೆ ಕೂರಿಸೋ ಇನ್ನೊಂದು ಸಂಗತಿ ಇದೆ, ಅದನ್ನೂ ಹೇಳಿಬಿಡ್ತೀವಿ. ಈ ರಿಪೋರ್ಟ್‌ನ ದಿನ ನಮ್ಮ ದಿನ ಅಲ್ಲ, ಅಮೆರಿಕದ ಪೆಸಿಫಿಕ್ ಸಮಯದ ದಿನ. ಅದು ನಮ್ಮಲ್ಲಿ ಮಧ್ಯಾಹ್ನ 1:30ಕ್ಕೆ ಶುರುವಾಗುತ್ತೆ, ಅಲ್ಲಿ ಗಡಿಯಾರ ಮುಂದಿಟ್ಟ ಮೇಲೆ 12:30ಕ್ಕೆ. 2025ರಲ್ಲಿ ಅವರು ಗಡಿಯಾರ ಮುಂದಿಟ್ಟಿದ್ದು ಮಾರ್ಚ್ 9ರ ಭಾನುವಾರ. ಹಾಗಾಗಿ ರಿಪೋರ್ಟ್‌ನಲ್ಲಿ ಆ ದಿನಕ್ಕೆ 23 ಗಂಟೆ ಮಾತ್ರ. ಭಾನುವಾರ ಬೆಳಿಗ್ಗೆ ಸವಣೂರಿನಲ್ಲಿ ಕೂತು ನೋಡಿದ್ದು ಕೂಡ ರಿಪೋರ್ಟ್‌ನಲ್ಲಿ ಶನಿವಾರದ ಲೆಕ್ಕಕ್ಕೆ ಹೋಗಿರುತ್ತೆ. ವಾರದ ಪಾಳಿ ಹಂಚುವಾಗ ಅಂಚಿನ ದಿನಗಳಲ್ಲಿ ಇದು ಜಗಳಕ್ಕೆ ಕಾರಣ ಆಗುತ್ತೆ. ನಮ್ಮ ನಾಲ್ವರು ಈಗ ವಿಡಿಯೊನ ಮಧ್ಯಾಹ್ನ ಎರಡಕ್ಕೆ ಬಿಡ್ತಾರೆ, ಆಗ ಚಳಿಗಾಲವಾಗಲಿ ಬೇಸಿಗೆಯಾಗಲಿ ಅದು ರಿಪೋರ್ಟ್‌ನ ಹೊಸ ದಿನದಲ್ಲೇ ಬೀಳುತ್ತೆ.

ಬ್ಯಾಂಕಿಗೆ ಬಂದ ಹಣ

ಈಗ ಸವಣೂರಿನ ಅಣ್ಣನ ಪ್ರಶ್ನೆಗೆ ಬರೋಣ. ಪರದೆ ಮೇಲಿನ ದಿನದಿನದ ರೂಪಾಯಿ ಯಾರಿಗೂ ಸಿಗಲ್ಲ, ಅದೇ ಮುಖ್ಯ. ಭಾರತದ ಚಾನೆಲ್‌ಗಳ ಆಡ್‌ಸೆನ್ಸ್ ಲೆಕ್ಕ ಡಾಲರ್‌ನಲ್ಲಿ. ತಿಂಗಳ ಅಂತಿಮ ಗಳಿಕೆ ಮುಂದಿನ ತಿಂಗಳ 7ರಿಂದ 12ರ ಒಳಗೆ ಸೇರುತ್ತೆ, 100 ಡಾಲರ್ ದಾಟಿದ್ದರೆ 21ರಿಂದ 26ರ ಒಳಗೆ ಹಣ ಕಳಿಸ್ತಾರೆ. ಡಾಲರ್ ಆಗಿಯೇ ಬರುತ್ತೆ, ರೂಪಾಯಿ ಮಾಡೋದು ನಮ್ಮ ಬ್ಯಾಂಕು, ಅದು ಆ ದಿನ ತನ್ನ ಖರೀದಿ ದರದಲ್ಲಿ. ಅಂದರೆ ಮಾರ್ಚ್ 1ರ ಡಾಲರ್, ಮಾರ್ಚ್ 31ರ ಡಾಲರ್ ಎರಡೂ ಏಪ್ರಿಲ್ ಕೊನೆಯ ಒಂದೇ ದರದಲ್ಲಿ ರೂಪಾಯಿ ಆಗ್ತವೆ.

ನಡುವೆ ಇನ್ನೊಂದು ಕಡಿತ ಇದೆ. 2021ರ ಜೂನ್‌ನಿಂದ ಅಮೆರಿಕದ ನೋಡುಗರಿಂದ ಬಂದ ಗಳಿಕೆಯ ಮೇಲೆ ಅಲ್ಲಿನ ತೆರಿಗೆ ಹಿಡೀತಾರೆ. ತೆರಿಗೆ ಫಾರ್ಮ್ ತುಂಬಿ ಭಾರತ-ಅಮೆರಿಕ ಒಪ್ಪಂದದ ಅನುಕೂಲ ಕೇಳಿಕೊಂಡವರಿಗೆ ಅದು ಅಮೆರಿಕದ ಸಾಲಿನ ನೂರಕ್ಕೆ 15. ಫಾರ್ಮ್ ತುಂಬದೇ ಬಿಟ್ಟರೆ ಎಲ್ಲ ದೇಶದ ಒಟ್ಟು ಗಳಿಕೆಯ ಮೇಲೇ ನೂರಕ್ಕೆ 24ರವರೆಗೆ ಹೋಗಬಹುದು. ದೇಶವಾರು ರಿಪೋರ್ಟ್ ಬೇಕಾಗೋದು ಮುಖ್ಯವಾಗಿ ಇದಕ್ಕೇ ಅಂತ ನಮ್ಮ ಅಭಿಪ್ರಾಯ.

ಲೆಕ್ಕ ಹಾಕೋಣ. ತಿಂಗಳಿಗೆ 310 ಡಾಲರ್, ಅದರಲ್ಲಿ ಅಮೆರಿಕದ್ದು 90. ರಿಪೋರ್ಟ್‌ನ ಸರಾಸರಿ ದರ 86.60 ಅಂದರೆ ಪರದೆಯಲ್ಲಿ 26,846 ರೂಪಾಯಿ ಕಾಣುತ್ತೆ. ತೆರಿಗೆ 13.50 ಡಾಲರ್ ಹೋಗಿ ಉಳಿದದ್ದು 296.50. ಬ್ಯಾಂಕ್ 85ರ ದರ ಕೊಟ್ಟರೆ 25,202.50. ಕಾಣೆಯಾದ 1,643.50ರಲ್ಲಿ ತೆರಿಗೆಯ ಪಾಲು 1,169.10, ದರದ ಪಾಲು 474.40. ಬ್ಯಾಂಕಿನ ಶುಲ್ಕ, ಅದರ ಮೇಲಿನ ಜಿಎಸ್‌ಟಿ ಇನ್ನೂ ಬೇರೆ. ಎಲ್ಲರೂ ಡಾಲರ್ ದರಕ್ಕೆ ಬೈತಾ ಇದ್ದರು, ಈ ಲೆಕ್ಕದಲ್ಲಿ ಅದರ ಎರಡೂವರೆ ಪಟ್ಟು ಹೋಗಿದ್ದು ತೆರಿಗೆಗೆ.

ಹಂಚಿಕೆ ಈಗ ಸುಲಭ. ಮೊದಲ ವಾರ ಹಿರೇಕೆರೂರಿನ ಅಣ್ಣಂದು, 70 ಡಾಲರ್, ಅದರಲ್ಲಿ ಅಮೆರಿಕದ್ದು 30. ಕೊನೆಯ ವಾರ ಸವಣೂರಿನ ಅಣ್ಣಂದು, ಅದೂ 70 ಡಾಲರ್, ಆದರೆ ಅಮೆರಿಕದ್ದು 10 ಮಾತ್ರ. ಪರದೆಯ ರೂಪಾಯಿ ಪ್ರಕಾರ ಮೊದಲನೆಯವರಿಗೆ 6,104, ಎರಡನೆಯವರಿಗೆ 5,992. ಡಾಲರ್‌ನಲ್ಲೇ ಇಟ್ಟು ಅವರವರ ಅಮೆರಿಕದ ಸಾಲಿನ ತೆರಿಗೆ ಅವರವರಿಂದಲೇ ಕಳೆದರೆ ಮೊದಲನೆಯವರಿಗೆ 65.50, ಸವಣೂರಿಗೆ 68.50. ಬ್ಯಾಂಕಿನ 85ರಲ್ಲಿ 5,567.50 ಮತ್ತು 5,822.50. ಯಾರಿಗೆ ಕಡಿಮೆ ಅಂತ ಜಗಳ ಶುರುವಾಗಿತ್ತೋ ಅವರಿಗೇ 255 ರೂಪಾಯಿ ಜಾಸ್ತಿ ಸಲ್ಲಬೇಕು.

ಈಗ ಅವರ ಶೀಟ್‌ನಲ್ಲಿ ರೂಪಾಯಿಯ ಕಾಲಂ ಒಂದೇ ಇದೆ, ಅದೂ ಕೊನೆಯಲ್ಲಿ. ಬ್ಯಾಂಕಿನ ಮೆಸೇಜ್ ಬರೋವರೆಗೆ ಅದು ಖಾಲಿ ಇರುತ್ತೆ.